ಜಾಣ ಕಾಗೆ, ನರಿ ಮತ್ತು ಒಂದೇ ಒಂದು ನೀತಿ: ಪುಟಾಣಿಗಳ ಆನಿಮೇಶನ್‌ಗೆ ಕಥೆ ಕಟ್ಟುವುದು ಹೇಗೆ?

ಪ್ರಶ್ನೆ – ಅಂಗನವಾಡಿ ಟೀಚರ್, ಬದಿಯಡ್ಕ

ನಮ್ಮ 3ರಿಂದ 5 ವರ್ಷದ ಮಕ್ಕಳಿಗೆ ಕಾಗೆ-ನರಿ ಕಥೆಯ ಆನಿಮೇಶನ್ ಮಾಡುವ ಅಂತ ಉಂಟು. ನನ್ನ ತಮ್ಮನಿಗೆ ಲ್ಯಾಪ್‌ಟಾಪಿನಲ್ಲಿ ತಲೆ, ಕಾಲು ಬೇರೆ ಬೇರೆ ಬಿಡಿಸಿ ಜೋಡಿಸಿ ಆಡಿಸುವ ಕಟ್-ಔಟ್ ಆನಿಮೇಶನ್ ಮಾಡ್ಲಿಕ್ಕೆ ಗೊತ್ತು. ಕಾಗೆ ಮೋಸ ಹೋಗುವುದು ಬೇಡ, ಜಾಣ ಕಾಗೆಯೇ ಆಗಬೇಕು. ಹೊಗಳಿಕೆಗೆ ಮರುಳಾಗಬಾರದು, ಕದಿಯಬಾರದು, ಹಂಚಿ ತಿನ್ನಬೇಕು, ಮೂರೂ ಬರುವ ಹಾಗೆ ಐದು ನಿಮಿಷದ ಕಥೆ ಬರೆದಿದ್ದೇನೆ. ಕೊನೆಗೆ ಇಬ್ಬರೂ ಗೆಳೆಯರಾಗ್ತಾರೆ. ನೀತಿ ಒಂದೇ ಇರಬೇಕು ಅಂತಾರಲ್ಲ, ಯಾವುದನ್ನು ಇಟ್ಟುಕೊಳ್ಳಲಿ? ಮಕ್ಕಳ ಮನೆಮಾತು ತುಳು, ಮಲಯಾಳ, ಹವ್ಯಕ ಎಲ್ಲ ಉಂಟು.

ಉತ್ತರ – ಸ್ಟೋರಿಬೋರ್ಡ್ ಕಲಾವಿದ, ಊರು ಪೆರ್ಲ, ಕೆಲಸ ಬೆಂಗಳೂರು

ಟೀಚರ್, ಕಣ್ಣಿಗೆ ಕಾಣುವ ನೀತಿಯನ್ನು ಇಟ್ಟುಕೊಳ್ಳಿ. ಮಾತಿನಲ್ಲಿ ಹೇಳಿದರೆ ಮಾತ್ರ ಗೊತ್ತಾಗುವುದನ್ನು ಬಿಡಿ.

‘ಹೊಗಳಿಕೆಗೆ ಮರುಳಾಗಬಾರದು’ ಅಂದರೆ ನಾಲ್ಕು ವರ್ಷದ ಮಗುವಿಗೆ ಏನು ಅರ್ಥ ಆಗಬೇಕು? ನರಿಯ ಬಾಯಲ್ಲಿ ಒಂದು, ಮನಸ್ಸಲ್ಲಿ ಇನ್ನೊಂದು ಅಂತ ಅದಕ್ಕೆ ಹೊಳೆಯಬೇಕು. ಮೂರು ವರ್ಷದವರಿಗೆ ಅದು ಕಷ್ಟ, ನಾಲ್ಕು ದಾಟಿದ ಮೇಲೆ ನಿಧಾನಕ್ಕೆ ಬರ್ತದೆ. ಇನ್ನೊಂದು ತೊಂದರೆ ಉಂಟು. ‘ಜಾಣ ಮರಿ, ಚಂದ ಹಾಡಿದೆ’ ಅಂತ ದಿನಾ ಹೊಗಳುವವರು ನೀವೇ. ಹೊಗಳಿದವರೆಲ್ಲ ಕಳ್ಳರು ಅಂತ ಕಲಿಸಿದರೆ ನಾಳೆ ನಿಮ್ಮನ್ನೇ ಸಂಶಯದಿಂದ ನೋಡಿಯಾರು.

ಅದಕ್ಕೆ ನೀತಿಯನ್ನು ಒಂದು ಕೆಲಸವಾಗಿ ಬದಲಾಯಿಸಿ. ಯಾರಾದರೂ ‘ಮಾಡು, ಮಾಡು’ ಅಂದಾಗ ಕಾಗೆ ಒಂದು ಗಳಿಗೆ ನಿಲ್ತದೆ, ನೋಡ್ತದೆ, ವಡೆಯನ್ನು ಕಾಲಡಿಗೆ ಭದ್ರವಾಗಿ ಒತ್ತಿಟ್ಟು ಆಮೇಲೆ ಬಾಯಿ ತೆರೀತದೆ. ಅಷ್ಟೇ ಪಾಠ. ಕಾಗೆಯ ಮಾತಿನಲ್ಲಿ ಹೇಳುವುದಾದರೆ, ‘ಮೊದಲು ವಡೆ ಭದ್ರ, ಆಮೇಲೆ ಹಾಡು.’ ನಿಮ್ಮ ಅಂಗಳದ ಕಾಗೆಯೂ ತಿನ್ನುವಾಗ ಹೀಗೆ ಕಾಲಲ್ಲಿ ಒತ್ತಿ ಹಿಡಿದೇ ಕುಕ್ಕುವುದು, ಹಾಗಾಗಿ ಮಕ್ಕಳಿಗೆ ಇದು ಹೊಸತಲ್ಲ.

ಇದು ನಿಶ್ಚಯ ಆದ ಮೇಲೆ ಕಥೆಯಲ್ಲಿ ಎರಡು ಕಡೆ ಕತ್ತರಿ ಹಾಕಬೇಕು. ಒಂದು, ವಡೆ ಕದ್ದದ್ದಾಗಬಾರದು. ಅಜ್ಜಿಯ ತಟ್ಟೆಯಿಂದ ಎಗರಿಸಿದ ವಡೆಯನ್ನು ಕಾಗೆ ಉಳಿಸಿಕೊಂಡರೆ ಕದ್ದವನಿಗೇ ಲಾಭ ಅಂತ ಆಗ್ತದೆ. ಅಜ್ಜಿಯೇ ಕರೆದು ಕೊಡಲಿ, ನಮ್ಮ ಕಡೆ ಕಾಗೆಗೆ ಅನ್ನ ಇಡುವುದು ಮಕ್ಕಳು ನೋಡಿದ್ದೇ. ಎರಡು, ನರಿ ಹಸಿದಿರಬಾರದು. ಬಡಕಲು ನರಿ ಬಂದು ವಡೆ ಕೇಳಿದರೆ ಅರ್ಧ ಮಕ್ಕಳು ‘ಪಾಪ, ಕೊಡಬಹುದಿತ್ತು’ ಅಂತಾರೆ. ಅವರು ಹೇಳುವುದು ತಪ್ಪಲ್ಲ, ನೀವೇ ಹಂಚಿ ತಿನ್ನಲು ಕಲಿಸಿದ್ದೀರಿ. ಆಗ ಜಾಣ ಕಾಗೆ ಜಿಪುಣ ಕಾಗೆ ಆಗ್ತದೆ. ನರಿ ಹೊಟ್ಟೆ ತುಂಬ ತಿಂದು, ಬಾಯಿ ಒರೆಸುತ್ತಾ ಬರಲಿ. ಅದಕ್ಕೆ ಬೇಕಾದ್ದು ವಡೆಯಲ್ಲ, ಏಮಾರಿಸುವ ಆಟ. ಕೊನೆಗೆ ಗೆಳೆತನವೂ ಬೇಡ. ಕ್ಷಮೆ, ಗೆಳೆತನ ಎಲ್ಲ ಬೇರೆ ಕಥೆ, ಇನ್ನೊಂದು ಸಲ ಮಾಡಿ.

ಐದು ನಿಮಿಷವೂ ಉದ್ದ ಆಯಿತು. ಎರಡೂವರೆ ನಿಮಿಷ ಸಾಕು. ಅಜ್ಜಿ ವಡೆ ಕೊಡುವುದು 20 ಸೆಕೆಂಡು, ಕಾಗೆ ಹಲಸಿನ ಮರಕ್ಕೆ ಹಾರಿ ನರಿ ಬರುವುದು 20, ಹೊಗಳಿಕೆ 35, ಕಾಗೆಯ ಯೋಚನೆ 30, ಕಾಲಡಿಗೆ ಇಟ್ಟು ‘ಕಾ’ ಅನ್ನುವುದು 20, ನರಿ ಹೋಗಿ ಕಾಗೆ ತಿನ್ನುವುದು 25. ಯೋಚನೆಗೆ 30 ಸೆಕೆಂಡು ಜಾಸ್ತಿ ಅಂತ ನಿಮ್ಮ ತಮ್ಮ ಹೇಳಿಯಾರು. ಕಡಿಮೆ ಮಾಡ್ಲಿಕ್ಕೆ ಬಿಡಬೇಡಿ. ಇಡೀ ಸಿನಿಮಾ ಇರುವುದೇ ಅಲ್ಲಿ.

ಯಾಕೆಂದರೆ ಕಾಗೆಯ ಬಾಯಲ್ಲಿ ವಡೆ ಉಂಟು, ಅದು ಮಾತಾಡುವ ಹಾಗಿಲ್ಲ. ತಲೆಯ ಮೇಲೆ ಮೋಡದಂಥ ಗುಳ್ಳೆ ಬಿಡಿಸಿ ಅದರೊಳಗೆ ಯೋಚನೆ ತೋರಿಸಿದರೆ ಮೂರು ವರ್ಷದವರು ಅದನ್ನು ನಿಜವಾದ ಮೋಡ ಅಂದುಕೊಳ್ಳಬಹುದು. ಯೋಚನೆ ಮೈಯಲ್ಲೇ ಕಾಣಬೇಕು. ನರಿ ‘ಒಂದು ಹಾಡು ಹಾಡು’ ಅಂತದೆ. ಕಾಗೆ ಹಿಗ್ಗಿ ಕೊಕ್ಕು ಒಂಚೂರು ತೆರೀತದೆ. ವಡೆ ಸರಕ್ಕನೆ ಜಾರ್ತದೆ, ಕಾಗೆ ಗಬಕ್ಕನೆ ಕಚ್ಚಿ ಹಿಡೀತದೆ. ಈಗ ಸಂಗೀತ ಪೂರ್ತಿ ನಿಲ್ಲಲಿ. ಕಾಗೆ ಕೆಳಗೆ ನೋಡ್ತದೆ, ಅಲ್ಲಿ ನರಿ ಆಗಲೇ ಬಾಯಿ ಅಗಲಿಸಿ ಕೂತಿದೆ. ಕಾಗೆ ವಡೆ ನೋಡ್ತದೆ, ನರಿಯ ಬಾಯಿ ನೋಡ್ತದೆ, ತನ್ನ ಕಾಲು ನೋಡ್ತದೆ. ಪ್ರತಿ ನೋಟಕ್ಕೂ ಬೇರೆ ಶಾಟ್, ಪ್ರತಿಯೊಂದೂ ಎರಡು ಸೆಕೆಂಡಿಗಿಂತ ಕಡಿಮೆ ಆಗಬಾರದು. ಆಮೇಲೆ ನಾಲ್ಕು ಸೆಕೆಂಡು ಏನೂ ಆಗುವುದು ಬೇಡ, ‘ಹಾಡಬೇಡ!’ ಅಂತ ಮಕ್ಕಳು ಕೂಗ್ಲಿಕ್ಕೆ ಜಾಗ ಬೇಕಲ್ಲ.

ತಮ್ಮನಿಗೆ ಎರಡು ಮಾತು. ಉದ್ದಿನ ವಡೆಯಾದರೆ ಕೊಕ್ಕನ್ನು ತೂತಿನೊಳಗೆ ತೂರಿಸಬೇಡಿ, ಆಗ ಬಾಯಿ ತೆರೆದರೂ ವಡೆ ಬೀಳುವುದಿಲ್ಲ, ಕಥೆಯೇ ಮುಗೀತು. ಅಂಚನ್ನು ಕಚ್ಚಿಸಿ. ಮತ್ತೆ, ವಡೆ ಕೊಂಬೆಗೆ ತಾಗಿದ ಫ್ರೇಮಿನಲ್ಲೇ ಅದನ್ನು ತಲೆಯ ಲೇಯರಿನಿಂದ ಬಿಡಿಸಿ ಕೊಂಬೆಗೆ ಅಂಟಿಸಬೇಕು. ಮರೆತರೆ ಕಾಗೆ ‘ಕಾ’ ಅಂತ ತಲೆ ಎತ್ತುವಾಗ ವಡೆಯೂ ಜೊತೆಗೆ ಮೇಲೇಳ್ತದೆ. ಕೆಳಗಿಂದ ಮೇಲಕ್ಕೆ ಕೊಂಬೆ, ವಡೆ, ಕಾಲು, ಹೀಗೆ ಲೇಯರ್ ಇರಲಿ.

ನಿವೃತ್ತ ಮಾಷ್ಟ್ರು, ಕುಂಬಳೆ

ನಾನು ಒಪ್ಪುವುದಿಲ್ಲ. ನೀತಿಯನ್ನು ಬಾಯಿಬಿಟ್ಟು ಹೇಳದಿದ್ದರೆ ಮಕ್ಕಳಿಗೆ ಗೊತ್ತೇ ಆಗುವುದಿಲ್ಲ. ನನ್ನ ಅಷ್ಟೂ ವರ್ಷದ ಅನುಭವ ಅದು. ಕೊನೆಗೆ ‘ಈ ಕಥೆಯ ನೀತಿ ಏನೆಂದರೆ’ ಅಂತ ಒಂದು ಸ್ವರ ಬರಲೇಬೇಕು.

ಸ್ಟೋರಿಬೋರ್ಡ್ ಕಲಾವಿದ

ಮಾಷ್ಟ್ರೇ, ಬಾಯಿಬಿಟ್ಟು ಹೇಳಬೇಕು ಅನ್ನುವುದು ಸರಿ, ಈ ಪ್ರಾಯದವರು ತಾವಾಗಿ ಸಾರ ಹಿಂಡಿಕೊಳ್ಳುವುದು ಕಡಿಮೆ. ಜಾಗ ಮಾತ್ರ ಕೊನೆಯಲ್ಲ. ವಡೆ ಕಾಲಡಿಗೆ ಹೋಗಿ ಕೊಕ್ಕು ಖಾಲಿಯಾದ ಕೂಡಲೇ ಕಾಗೆಯೇ ಹೇಳಲಿ. ಕೆಲಸವೂ ಮಾತೂ ಒಟ್ಟಿಗೆ ಬಂದರೆ ಅಂಟಿಕೊಳ್ತದೆ. ತಿನ್ನುವಾಗ ಇನ್ನೊಂದು ಸಲ ಹೇಳಿದರೆ ಸಾಕು. ಕಥೆ ಮುಗಿದು ಹೆಸರುಗಳು ಬರುವಾಗ ಹೇಳಿದರೆ ಮಕ್ಕಳು ಆಗಲೇ ಎದ್ದು ಚಪ್ಪಲಿ ಹುಡುಕ್ತಾ ಇರ್ತಾರೆ.

ಮದುವೆ ವಿಡಿಯೋ ಮಾಡುವವ, ಉಪ್ಪಳ

ಕಾಗೆ ಹೂಜಿಗೆ ಕಲ್ಲು ಹಾಕುವ ಕಥೆ ಅಲ್ವಾ ಇದು? ಅದರಲ್ಲಿ ನರಿ ಎಲ್ಲಿಂದ ಬಂತು? ಅದಿರಲಿ, ನರಿ ಕೊನೆಗೆ ಕೆಸರಿಗೆ ದಬಕ್ಕಂತ ಬೀಳಲಿ ಅಣ್ಣ, ಮಕ್ಕಳು ಬಿದ್ದು ಬಿದ್ದು ನಗ್ತಾರೆ.

ಸ್ಟೋರಿಬೋರ್ಡ್ ಕಲಾವಿದ

ಹೂಜಿಯದ್ದು ಬೇರೆ ಮಾರಾಯ್ರೆ. ನರಿ ಬಿದ್ದರೆ ನಗ್ತಾರೆ, ಖಂಡಿತ. ಮರುದಿನ ಕೇಳಿದರೆ ಬಿದ್ದದ್ದು ಮಾತ್ರ ನೆನಪಿರ್ತದೆ, ಕಾಲಡಿಯ ವಡೆ ಮರೆತು ಹೋಗ್ತದೆ. ನಗು ಬೇಕಾದರೆ ವಡೆ ಜಾರುವಲ್ಲಿ ಇಡಿ. ನರಿ ತೆರೆದ ಬಾಯಿಯನ್ನು ವಡೆಯ ಜೊತೆಗೇ ಅತ್ತ ಇತ್ತ ಆಡಿಸಲಿ. ಆಗ ನಗುವೂ ಪಾಠವೂ ಒಂದೇ ಕಡೆಗೆ ಎಳೀತವೆ.

ಒಬ್ಬರು ತಾಯಿ, ಮುಳ್ಳೇರಿಯ

ನನ್ನ ಮಗಳಿಗೆ ಮೂರು ವರ್ಷ. ನರಿ ಕಂಡರೆ ಹೆದರ್ತಾಳೆ, ರಾತ್ರಿ ಗುಡ್ಡೆಯಲ್ಲಿ ಊಳಿಡುವುದು ಕೇಳಿ. ಯೂಟ್ಯೂಬಿನಲ್ಲಿ ಎಲ್ಲ ಕಿತ್ತಳೆ ಬಣ್ಣದ ನರಿ, ಹಲ್ಲು ಕಿರಿಯುವುದು. ಟೀಚರ್, ನಿಮ್ಮದರಲ್ಲಿ ಹಾಗೆ ಬೇಡ ಅಂತ ಒಂದು ವಿನಂತಿ.

ಸ್ಟೋರಿಬೋರ್ಡ್ ಕಲಾವಿದ

ಒಳ್ಳೆಯ ಮಾತು ಅಕ್ಕ. ಕಿತ್ತಳೆ ನರಿ ನಮ್ಮ ಗುಡ್ಡೆಗಳದ್ದಲ್ಲ, ಇಲ್ಲಿ ಊಳಿಡುವುದು ಬೂದು-ಕಂದು ಬಣ್ಣದ್ದು. ಹಲ್ಲು ತೋರಿಸುವುದೇ ಬೇಡ, ತೆರೆದ ಬಾಯಲ್ಲಿ ಗುಲಾಬಿ ನಾಲಿಗೆ ಮಾತ್ರ ಇದ್ದರೆ ಸಾಕು. ಕ್ಯಾಮೆರಾವನ್ನು ಕಾಗೆಯ ಜೊತೆ ಮರದ ಮೇಲೇ ಇಡಿ. ಮೇಲಿಂದ ಕಂಡ ನರಿ ಸಣ್ಣದಾಗ್ತದೆ, ಹೆದರಿಕೆ ಅರ್ಧ ಇಳೀತದೆ. ಕೆಳಗಿಂದ ನರಿಯ ಮುಖ ತೆರೆ ತುಂಬ ತೋರಿಸುವ ಶಾಟ್ ಒಂದೂ ಬೇಡ.

ಅಂಗನವಾಡಿ ಟೀಚರ್

ತುಂಬ ಉಪಕಾರ ಆಯಿತು ಅಣ್ಣ. ತಮ್ಮ ಈ ವಾರವೇ ಕಾಗೆಯ ಚಿತ್ರ ಬಿಡಿಸಲು ಕೂತಿದ್ದಾನೆ. ಮಕ್ಕಳಿಗೆ ಅರ್ಥ ಆಯಿತಾ ಅಂತ ಗೊತ್ತಾಗುವುದು ಹೇಗೆ? ಕೇಳಿದರೆ ಎಲ್ಲದಕ್ಕೂ ‘ಹೌದು ಟೀಚರ್’ ಅಂತಾರೆ.

ಸ್ಟೋರಿಬೋರ್ಡ್ ಕಲಾವಿದ

ತಮ್ಮನನ್ನು ಎಬ್ಬಿಸಿ! ಮೊದಲು ಪೆನ್ಸಿಲಿನಲ್ಲಿ ಶಾಟಿಗೊಂದು ಗೀಚು ಚಿತ್ರ, ಒಟ್ಟು ಇಪ್ಪತ್ತರ ಸುಮಾರಿಗೆ. ಮೊಬೈಲಿನಲ್ಲಿ ಫೋಟೋ ತೆಗೆದು, ನಿಮ್ಮದೇ ಸ್ವರ ರೆಕಾರ್ಡ್ ಮಾಡಿ, ಮೇಲೆ ಹೇಳಿದ ಸೆಕೆಂಡುಗಳಿಗೆ ಸರಿಯಾಗಿ ಜೋಡಿಸಿ. ಆನಿಮ್ಯಾಟಿಕ್ ಅಂತೇವೆ ನಾವು. ಅದನ್ನೇ ಮಕ್ಕಳಿಗೆ ತೋರಿಸಿ. ಬಣ್ಣ ಇಲ್ಲದಿದ್ದರೂ ನೋಡ್ತಾರೆ. ಅಲ್ಲಿ ಕಥೆ ನಿಲ್ಲದಿದ್ದರೆ ಬಣ್ಣ ಹಾಕಿದರೂ ನಿಲ್ಲುವುದಿಲ್ಲ, ಒಂದು ಶಾಟ್ ಕಿತ್ತು ಹಾಕುವುದೂ ಈಗಲೇ ಸುಲಭ.

ಒಟ್ಟಿಗೆ ಕೇಳಬೇಡಿ, ಒಬ್ಬ ಹೇಳಿದ್ದನ್ನೇ ಎಲ್ಲರೂ ಹೇಳ್ತಾರೆ. ಒಬ್ಬೊಬ್ಬರನ್ನೇ ಕರೆದು ಮೂರು ಪ್ರಶ್ನೆ. ಕಾಗೆ ವಡೆಯನ್ನು ಎಲ್ಲಿಟ್ಟಿತು? ಯಾಕೆ ಅಲ್ಲಿಟ್ಟಿತು? ಮೂರನೆಯದು ಮುಖ್ಯ. ಮಗುವಿನ ಎದುರು ಒಂದು ತಟ್ಟೆ ಇಟ್ಟು, ಎರಡೂ ಕೈಯಲ್ಲಿ ಹಿಡಿಯುವ ಹಾಗೆ ಒಂದು ಲಡ್ಡು ಕೊಟ್ಟು ‘ನೀನು ಎಷ್ಟು ಚಂದ ಚಪ್ಪಾಳೆ ತಟ್ತೀ, ಒಂದು ಸಲ ತಟ್ಟು’ ಅನ್ನಿ. ಲಡ್ಡುವನ್ನು ತಟ್ಟೆಯಲ್ಲಿಟ್ಟು ತಟ್ಟಿದರೆ ಕಾಗೆಯಿಂದ ಮಗುವಿಗೆ ಪಾಠ ದಾಟಿತು ಅಂತ ಹೇಳಬಹುದು. ಎಲ್ಲಿಟ್ಟಿತು ಅಂತ ಸರಿ ಹೇಳಿ, ಯಾಕೆ ಅಂದಾಗ ‘ಕಾಗೆಗೆ ಸುಸ್ತಾಯ್ತು’ ಅಂದರೆ ವಡೆ ಜಾರುವ ಶಾಟ್ ತಲುಪಿಲ್ಲ, ಅದನ್ನು ಹತ್ತಿರದಿಂದ ತೋರಿಸಿ, ನಿಧಾನ ಮಾಡಿ. ಮೂರು ವರ್ಷದವರು ‘ಯಾಕೆ’ಗೆ ಸುಮ್ಮನಿದ್ದರೆ ಚಿಂತೆ ಬೇಡ, ಲಡ್ಡು ನೋಡಿ ನಿರ್ಧರಿಸಿ.

ನಿವೃತ್ತ ಮಾಷ್ಟ್ರು, ಕುಂಬಳೆ

ಲಡ್ಡುವಿನ ಪರೀಕ್ಷೆ ಒಪ್ಪಿದೆ. ಆದರೆ ಅಜ್ಜಿ ಯಾವ ಕನ್ನಡ ಮಾತಾಡ್ತಾಳೆ? ಪುಸ್ತಕದ್ದೋ, ಮನೆಯದ್ದೋ? ಮುಂದೆ ಶಾಲೆಗೆ ಹೋಗುವ ಮಕ್ಕಳು, ಪುಸ್ತಕದ್ದೇ ಕೇಳಲಿ.

ಸ್ಟೋರಿಬೋರ್ಡ್ ಕಲಾವಿದ

ನನಗೆ ಮನೆಯದ್ದೇ ಇಷ್ಟ, ಆದರೆ ಯಾರ ಮನೆಯದ್ದು ಅನ್ನುವಲ್ಲಿ ಸಿಕ್ಕಿಬೀಳ್ತೇನೆ. ಮಕ್ಕಳಲ್ಲಿ ತುಳು, ಮಲಯಾಳ, ಹವ್ಯಕ ಎಲ್ಲ ಮನೆಯವರೂ ಉಂಟಲ್ಲ. ಅಜ್ಜಿಗೆ ‘ಬಾ, ತಿನ್ನು’ ಅಂತ ಎರಡೇ ಮಾತು ಇಟ್ಟರೆ ಸದ್ಯಕ್ಕೆ ಪಾರಾಗಬಹುದು. ನರಿಯ ಹೊಗಳಿಕೆಗೆ ಆ ಉಪಾಯ ನಡೆಯುವುದಿಲ್ಲ, ಅಲ್ಲಿ ಮಾತೇ ಮುಖ್ಯ. ‘ನಿನ್ನ ಗರಿ ಚಂದ, ನಿನ್ನ ಕಣ್ಣು ಚಂದ, ನಿನ್ನ ಹಾಡೂ ಚಂದ’, ಮೂರೂ ಒಂದೇ ಅಚ್ಚಿನಲ್ಲಿ, ಗರಿ ಕಣ್ಣು ತೋರಿಸುತ್ತಾ ಹೇಳಿಸಿ ನೋಡಿ. ಮಕ್ಕಳಿಗೆ ಹಿಡಿಯದಿದ್ದರೆ ಇಲ್ಲೇ ಬರೆಯಿರಿ ಟೀಚರ್, ಮಾಷ್ಟ್ರೂ ನಾನೂ ಜಗಳ ಮುಂದುವರಿಸ್ತೇವೆ.