ಪದಚರ್ಚೆ: ಟಾರ್ಕ್ ವೆಕ್ಟರಿಂಗ್‌ಗೆ ‘ಶಕ್ತಿ ಹಂಚಿಕೆ’ ಅನ್ನಬಹುದೇ?

ಧಾರವಾಡ: ಕಾರಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಿರುವಿನಲ್ಲಿ ಎಡ-ಬಲ ಗಾಲಿಗಳಿಗೆ ಬೇರೆ ಬೇರೆ ಟಾರ್ಕ್ ಕೊಟ್ಟು ಕಾರನ್ನು ಚುರುಕಾಗಿ ತಿರುಗಿಸುವ ವ್ಯವಸ್ಥೆಗೆ ‘ಗಾಲಿವಾರು ಶಕ್ತಿ ಹಂಚಿಕೆ’ ಎಂದು ಬರೆದಿದ್ದೇನೆ. ಸರಿಯೇ?

ಹುಬ್ಬಳ್ಳಿ, ಗ್ಯಾರೇಜು: ಅದರಾಗ ಹೊಸಾದೇನೈತ್ರಿ? ಎಂಜಿನ್ ಶಕ್ತಿ ಎರಡೂ ಗಾಲಿಗೆ ಮುಟ್ಟಸೋ ಸಾದಾ ಡಿಫರೆನ್ಶಿಯಲ್ಲೂ ಹೊರಗಿನ ಗಾಲಿಗೆ ಹೆಚ್ಚು, ಒಳಗಿಂದಕ್ಕ ಕಡಿಮಿ ಕೊಡತೈತಿ.

ಹುಬ್ಬಳ್ಳಿ, ಮೆಕ್ಯಾನಿಕಲ್ ವಿಭಾಗ: ಹೆಚ್ಚು ಸಿಗೋದು ವೇಗ ಮಾತ್ರ ಸರ್, ಟಾರ್ಕ್ ಎರಡೂ ಕಡೆ ಸಮ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ, ಎಡ-ಬಲ ಗಾಲಿಗಳ ನಡುವೆ 1.5 ಮೀಟರ್ ಅಂತರವಿದ್ದರೆ, ಹೊರಗಾಲಿ ಒಳಗಾಲಿಗಿಂತ ಸುಮಾರು 3% ಜೋರಾಗಿ ಸುತ್ತುತ್ತದೆ. ಶಕ್ತಿ ಎಂದರೆ ಟಾರ್ಕ್ ಗುಣಿಸು ಸುತ್ತುವ ವೇಗ; ಟಾರ್ಕ್ ಸಮ, ವೇಗ ಹೆಚ್ಚು ಅಂದಮೇಲೆ ಶಕ್ತಿ ಆಗಲೇ ಅಸಮವಾಗಿಯೇ ಹಂಚಿಹೋಗಿದೆ. ಹಾಗಾಗಿ ‘ಶಕ್ತಿ ಹಂಚಿಕೆ’ ಎಂದರೆ ಸಾದಾ ಡಿಫರೆನ್ಶಿಯಲ್ಲಿಗೂ ಒಪ್ಪುತ್ತದೆ.

ಇಲ್ಲಿ ಬದಲಾಗಬೇಕಾದ್ದು ಟಾರ್ಕು. ಒಳಗಾಲಿಯಿಂದ 300 ನ್ಯೂಟನ್-ಮೀಟರ್ ತೆಗೆದು ಹೊರಗಾಲಿಗೆ ಕೊಟ್ಟೆವು ಅನ್ನಿ. ಗಾಲಿಯ ತ್ರಿಜ್ಯ 0.3 ಮೀಟರ್ ಇದ್ದರೆ ಒಳಗೆ 1,000 ನ್ಯೂಟನ್ ತಳ್ಳು ಇಳಿಯುತ್ತದೆ, ಹೊರಗೆ ಅಷ್ಟೇ ಏರುತ್ತದೆ. ಒಟ್ಟು ಎಳೆತ ಬದಲಾಗದು, ಆದರೆ ಕಾರಿನ ಮೂತಿಯನ್ನು ತಿರುವಿನೊಳಕ್ಕೆ ತಿರುಗಿಸಲು 1,500 ನ್ಯೂಟನ್-ಮೀಟರ್ ಸಿಗುತ್ತದೆ.

ಎಡ-ಬಲ ಗಾಲಿಗಳ ನಡುವೆ ಬರೀ ಒಂದು ಕ್ಲಚ್ಚು ಇಟ್ಟರೆ ಇದಾಗದು. ಕ್ಲಚ್ಚು ಟಾರ್ಕನ್ನು ಜೋರಾಗಿ ಸುತ್ತುವ ಕಡೆಯಿಂದ ನಿಧಾನದ ಕಡೆಗಷ್ಟೇ ದಾಟಿಸುತ್ತದೆ. ತಿರುವಿನಲ್ಲಿ ಅದು ಒಳಗಾಲಿಗೇ ಹೋಗಿ ಕಾರು ನೇರ ಹೋಗಲು ಹಟ ಹಿಡಿಯುತ್ತದೆ. ಅದಕ್ಕೇ ಹೊರಗಾಲಿಗಿಂತಲೂ ಜೋರಾಗಿ ಸುತ್ತುವ ಇನ್ನೊಂದು ಗೇರ್ ಜೋಡಿ ಸೇರಿಸುತ್ತಾರೆ. 1996ರ ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಶನ್ 4ರ ಹಿಂದಿನ ಡಿಫರೆನ್ಶಿಯಲ್ಲಿನಲ್ಲಿ ಇದು ಬಂತು.

ಗದಗ: ನಮ್ಮ ಟ್ರ್ಯಾಕ್ಟರಿಗೆ ಎಡಕ್ಕೊಂದು ಬಲಕ್ಕೊಂದು ಬ್ರೇಕ್ ಅದಾವ್ರಿ. ಎರಿ ಹೊಲದಾಗ ಸಾಲು ಮುಗಿದ ಕೂಡಲೆ ಎಡಗಡೆದಷ್ಟ ಒತ್ತಿದ್ರ ಗಾಡಿ ಅಲ್ಲೇ ಎಡಕ್ಕ ಹೊಳ್ಳತೈತಿ. ನೀವು ಹೇಳೂದು ಡಿಫರೆನ್ಶಿಯಲ್ ಲಾಕ್ ಅಲ್ಲೇನ್ರಿ?

ಹುಬ್ಬಳ್ಳಿ, ಮೆಕ್ಯಾನಿಕಲ್ ವಿಭಾಗ: ಲಾಕ್ ಅಲ್ಲರಿ, ಅದು ಎರಡೂ ಗಾಲಿಯನ್ನು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ, ಗಾಡಿ ತಿರುಗಲು ಒಲ್ಲೆ ಅನ್ನುತ್ತದೆ. ನಿಮ್ಮ ಒಂಟಿ ಬ್ರೇಕ್ ಮಾತ್ರ ಇದರದೇ ಜಾತಿ. ಎಷ್ಟೋ ಕಾರುಗಳಲ್ಲಿ ಈ ಹೆಸರಿನಲ್ಲಿ ಇರುವುದು ಅಷ್ಟೇ: ಕಂಪ್ಯೂಟರ್ ಒಳಗಾಲಿಯ ಬ್ರೇಕ್ ಹಿಡಿಯುತ್ತದೆ.

ಆದರೆ ಬೆಲೆ ತೆರಬೇಕು. ಅದೇ 1,500 ಬೇಕೆಂದರೆ ಒಳಗಾಲಿಗೆ 600 ನ್ಯೂಟನ್-ಮೀಟರ್ ಬ್ರೇಕ್ ಹಾಕಬೇಕು. ಗಂಟೆಗೆ 54 ಕಿ.ಮೀ. ವೇಗದಲ್ಲಿ ಒಂದೇ ಡಿಸ್ಕಿನಲ್ಲಿ ಸುಮಾರು 30 ಕಿಲೋವಾಟ್ ಶಾಖ. ಎಂಜಿನ್ ಅಷ್ಟು ಹೆಚ್ಚು ಕೊಡದಿದ್ದರೆ ಕಾರು ನಿಧಾನವಾಗುತ್ತದೆ. ಸಾಲು ಸಾಲು ತಿರುವುಗಳಿದ್ದಲ್ಲಿ ಪ್ಯಾಡ್ ಕಾದು ವಾಸನೆ ಬರುತ್ತದೆ, ಆಮೇಲೆ ಮೊದಲಿನ ಚುರುಕು ಇರುವುದಿಲ್ಲ.

ಹುಬ್ಬಳ್ಳಿ, ಗ್ಯಾರೇಜು: ಹಂಗಾದ್ರ ‘ಟಾರ್ಕ್ ಹಂಚಿಕೆ’ ಅಂತ ಬರೀರಿ, ಮುಗೀತು.

ಧಾರವಾಡ: ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವಿನ ಹಂಚಿಕೆಗೂ ಇದೇ ಕೈಪಿಡಿಯಲ್ಲಿ ಅದೇ ಪದ ಹಾಕಿಯಾಗಿದೆ. ‘ಎಡಬಲ ಟಾರ್ಕ್ ಹಂಚಿಕೆ’ ಅನ್ನೋಣವೆಂದರೆ, ಈ ಕಾರಿನಲ್ಲಿರುವುದು ಬ್ರೇಕ್ ಹಿಡಿಯುವ ಬಗೆ. ಹಿಡಿದಿದ್ದಕ್ಕೆ ಹಂಚಿದ್ದೆಂದು ಹೆಸರಿಡಲು ಮನಸ್ಸು ಒಪ್ಪುತ್ತಿಲ್ಲ.