ಏಪ್ರಿಲ್‌ನಲ್ಲೂ ಸ್ವೆಟರ್, ಟಿಎಸ್‌ಎಚ್ 6.8: ಥೈರಾಯ್ಡ್ ಮಾತ್ರೆ ಶುರು ಮಾಡಲಾ?

ಪ್ರಶ್ನೆ (ಸದಸ್ಯೆ, ವಿಜಯನಗರ): ಡಾಕ್ಟರ್, ನನಗೆ 36 ವರ್ಷ. ಏಪ್ರಿಲ್ ಬಿಸಿಲಲ್ಲೂ ಚಳಿ ಆಗುತ್ತದೆ. ಆಫೀಸ್ ಏಸಿಯಲ್ಲಂತೂ ಸ್ವೆಟರ್ ಇಲ್ಲದೆ ಕೂರಕ್ಕಾಗಲ್ಲ. ಮೊಣಕಾಲಿಂದ ಕೆಳಗೆ ಚರ್ಮ ಬೂದಿ ಬಳಿದ ಹಾಗಿದೆ. ಹೊಟ್ಟೆ ಮೂರು ದಿನಕ್ಕೊಮ್ಮೆ ಕಷ್ಟಪಟ್ಟು ಖಾಲಿಯಾಗುತ್ತದೆ. ಟಿಎಸ್‌ಎಚ್ 6.8 ಬಂದಿದೆ. ಅತ್ತಿಗೆ ಹತ್ತಿರ 50ರ ಥೈರಾಯ್ಡ್ ಮಾತ್ರೆ ಇದೆ. ಅದನ್ನೇ ಶುರು ಮಾಡಲಾ?

ಸದಸ್ಯರು, ಯಲಹಂಕ: ಚಳಿ ಬರುತ್ತಿದ್ದರೆ ಮೊದಲು ಮಲೇರಿಯಾ ಟೆಸ್ಟ್ ಮಾಡಿಸಿ. ನನ್ನ ತಮ್ಮನಿಗೆ ಹೀಗೇ ಆಗಿತ್ತು. ಸಂಜೆಯಾದರೆ ಮೂರು ರಗ್ಗು ಹೊದ್ದರೂ ನಡುಗುತ್ತಿದ್ದ.

ಡಾಕ್ಟರ್ (ಫಿಸಿಶಿಯನ್): ಸರ್, ನಿಮ್ಮ ತಮ್ಮನದು ಚಳಿಜ್ವರ. ಮೈ ನಡುಗುತ್ತದೆ, ಆಮೇಲೆ ಜ್ವರ ಏರುತ್ತದೆ, ಬೆವರಿ ಇಳಿಯುತ್ತದೆ. ಇವರದು ದಿನವಿಡೀ ಕೈಕಾಲು ತಣ್ಣಗಿರುವ ಚಳಿ. ಅದರ ದಾರಿಯೇ ಬೇರೆ.

ಮೇಡಂ, ಅತ್ತಿಗೆಯ ಮಾತ್ರೆ ಮುಟ್ಟಬೇಡಿ. ಯಾಕೆ ಅಂತ ಹೇಳುತ್ತೇನೆ. ಟಿಎಸ್‌ಎಚ್ ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುವುದಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಕಳಿಸುವುದು, "ಇನ್ನೂ ಸ್ವಲ್ಪ ಕೆಲಸ ಮಾಡು" ಅಂತ. 6.8 ಅಂದರೆ ಕೂಗು ಸ್ವಲ್ಪ ಜೋರಾಗಿದೆ. ಗ್ರಂಥಿ ಆ ಕೂಗಿಗೆ ಓಗೊಟ್ಟು ಸಾಕಷ್ಟು ಹಾರ್ಮೋನ್ ಕೊಡುತ್ತಿದೆಯಾ ಅನ್ನುವುದು ಫ್ರೀ ಟಿ4 ನೋಡಿದರೆ ಮಾತ್ರ ಗೊತ್ತಾಗುವುದು. ಬರೀ ಥೈರಾಯ್ಡ್‌ನಿಂದಲೇ ಇಷ್ಟು ಚಳಿ, ಇಷ್ಟು ಮಲಬದ್ಧತೆ ಆಗಿರುವವರಲ್ಲಿ ಸಾಮಾನ್ಯವಾಗಿ ಟಿಎಸ್‌ಎಚ್ ಇದಕ್ಕಿಂತ ತುಂಬಾ ಮೇಲಿರುತ್ತದೆ, ಟಿ4 ಕೆಳಗಿರುತ್ತದೆ. ಅಂಥವರನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿ ಮೇಲಿನ ಗಟ್ಟಿ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತೇವೆ. ಪಾದ ಝಟ್ಟನೆ ಜಗ್ಗುತ್ತದೆ, ಆದರೆ ತನ್ನ ಜಾಗಕ್ಕೆ ವಾಪಸ್ ಬರುವಾಗ ನಿಧಾನವಾಗಿ, ಸೋತ ಹಾಗೆ ಬರುತ್ತದೆ. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ.

6.8 ಒಂದೇ ಸಲ ಬಂದಿದ್ದರೆ ಅದು ತಾನಾಗಿ ಇಳಿಯುವುದೂ ಉಂಟು. ಈಗಲೇ ಮಾತ್ರೆ ನುಂಗಿದರೆ ಮುಂದಿನ ರಿಪೋರ್ಟ್‌ನಲ್ಲಿ ನಿಮ್ಮ ಗ್ರಂಥಿ ಏನು ಮಾಡುತ್ತಿದೆ, ಮಾತ್ರೆ ಏನು ಮಾಡುತ್ತಿದೆ ಅಂತ ಬೇರ್ಪಡಿಸಲು ಆಗುವುದಿಲ್ಲ.

ನಾಲ್ಕು ಪ್ರಶ್ನೆ ಕೇಳುತ್ತೇನೆ. ಮುಟ್ಟು ಎಷ್ಟು ದಿನ, ಪ್ಯಾಡ್ ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತೀರಿ? ತೂಕ ಏರಿದೆಯಾ, ಇಳಿದಿದೆಯಾ? ಚಳಿಗೆ ಬೆರಳ ತುದಿ ಬೆಳ್ಳಗಾಗಿ ಆಮೇಲೆ ನೀಲಿ ಆಗುತ್ತದಾ? ಏನೇನು ಮಾತ್ರೆ ತಗೊಳ್ಳುತ್ತಿದ್ದೀರಿ? ಮೈಗ್ರೇನ್‌ಗೆ, ಬಿಪಿಗೆ ಕೊಡುವ ಕೆಲವು ಮಾತ್ರೆಗಳೂ ಕೈಕಾಲು ತಣ್ಣಗೆ ಮಾಡುತ್ತವೆ. ಜೊತೆಗೆ ಫ್ರೀ ಟಿ4, ಟಿಪಿಒ ಆಂಟಿಬಾಡಿ, ರಕ್ತದ ಪೂರ್ಣ ಎಣಿಕೆ, ಫೆರಿಟಿನ್, ಶುಗರ್ ಮಾಡಿಸಿ.

ಸದಸ್ಯರು, ರಾಜಾಜಿನಗರ: ಥೈರಾಯ್ಡ್ ಅಂದಮೇಲೆ ಎಲೆಕೋಸು, ಹೂಕೋಸು ಪೂರ್ತಿ ಬಿಡಬೇಕು. ಪುಡಿ ಉಪ್ಪು ಬಿಟ್ಟು ಸೈಂಧವ ಲವಣಕ್ಕೆ ಬನ್ನಿ. ದಿನಾ ರಾಗಿ ಮುದ್ದೆ ತಿಂದರೆ ರಕ್ತವೂ ಹೆಚ್ಚುತ್ತದೆ.

ಡಾಕ್ಟರ್: ಕೋಸಿನ ಮಾತಿನಲ್ಲಿ ಸ್ವಲ್ಪ ನಿಜ ಇದೆ ಸರ್. ಅಯೋಡಿನ್ ಕಡಿಮೆ ಇರುವವರು ಹಸಿ ಕೋಸನ್ನು ದಿನಾ ರಾಶಿಗಟ್ಟಲೆ ತಿಂದರೆ ತೊಂದರೆ ಆಗಬಹುದು. ನಮ್ಮ ಮನೆಗಳಲ್ಲಿ ಮಾಡುವ ಬೇಯಿಸಿದ ಪಲ್ಯಕ್ಕೆ ಅದು ಅನ್ವಯಿಸುವುದಿಲ್ಲ. ಉಪ್ಪಿನ ವಿಷಯ ಮಾತ್ರ ದಯವಿಟ್ಟು ಹಿಂದಕ್ಕೆ ತಗೊಳ್ಳಿ. ಅಯೋಡಿನ್ ಸೇರಿಸದ ಸೈಂಧವ ಲವಣವನ್ನೇ ಮನೆಮಂದಿಯೆಲ್ಲ ತಿಂದರೆ ಗ್ರಂಥಿಗೆ ಬೇಕಾದ್ದೇ ತಪ್ಪುತ್ತದೆ. ಇನ್ನು ರಾಗಿ ಒಳ್ಳೆಯದೇ, ಅದರಲ್ಲಿ ಕ್ಯಾಲ್ಸಿಯಂ ಧಾರಾಳ. ಆದರೆ ಕಬ್ಬಿಣಾಂಶ ನಾವು ಅಂದುಕೊಂಡಷ್ಟಿಲ್ಲ, ಇರುವುದೂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಖಾಲಿಯಾದ ಕಬ್ಬಿಣವನ್ನು ಮುದ್ದೆ ಒಂದರಿಂದಲೇ ತುಂಬಲು ಆಗುವುದಿಲ್ಲ.

ಸದಸ್ಯೆ, ಬಸವನಗುಡಿ: ನಮ್ಮತ್ತೆಗೂ ಥೈರಾಯ್ಡ್. ಒಂದು ವರ್ಷ ಮಾತ್ರೆ ತಗೊಂಡರೂ ಟಿಎಸ್‌ಎಚ್ 14ರಿಂದ ಇಳಿಯಲೇ ಇಲ್ಲ. ಡೋಸ್ ಏರಿಸುತ್ತಲೇ ಹೋದರು. ಕೊನೆಗೆ ಗೊತ್ತಾಯಿತು, ಬೆಳಿಗ್ಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ ಜೊತೆಗೇ ಮಾತ್ರೆ ನುಂಗುತ್ತಿದ್ದರು. ಈಗ ಮಾತ್ರೆ ತಗೊಂಡು, ದೇವರ ಮನೆ ಒರೆಸಿ, ರಂಗೋಲಿ ಹಾಕಿ ಬಂದ ಮೇಲೆ ಕಾಫಿ. ಟಿಎಸ್‌ಎಚ್ ಸರಿಹೋಯಿತು.

ಡಾಕ್ಟರ್: ಒಳ್ಳೆಯದನ್ನು ಬರೆದಿರಿ ಅಮ್ಮ. ಬರೀ ನೀರಿನಲ್ಲಿ ಮಾತ್ರೆ ತಗೊಂಡು ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ದೂರ ಇರಲಿ. ಒಂದು ಎಚ್ಚರಿಕೆ. ಕಾಫಿ ಜೊತೆ ಕುಡಿಯುತ್ತಿದ್ದಾಗ ಏರಿಸಿದ ಡೋಸ್ ಈಗ ಜಾಸ್ತಿಯಾಗಬಹುದು. ಅಭ್ಯಾಸ ಬದಲಿಸಿ 6ರಿಂದ 8 ವಾರ ಆದಮೇಲೆ ಒಂದು ಸಲ ಪರೀಕ್ಷೆ ಆಗಿದೆಯಾ, ನೋಡಿಕೊಳ್ಳಿ.

ಕೇಳಿದವರು (ಮೂರು ದಿನದ ನಂತರ): ರಿಪೋರ್ಟ್ ಬಂತು. ಫ್ರೀ ಟಿ4, ಶುಗರ್ ಎರಡೂ ನಾರ್ಮಲ್. ಟಿಪಿಒ ಪಾಸಿಟಿವ್. ಹಿಮೋಗ್ಲೋಬಿನ್ 9.1, ಎಂಸಿವಿ 68, ಫೆರಿಟಿನ್ 5. ಮುಟ್ಟು ಏಳು ದಿನ. ಮೊದಲೆರಡು ದಿನ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುತ್ತೇನೆ, ಅದು ಎಲ್ಲರಿಗೂ ಹಾಗೇ ಅಂದುಕೊಂಡಿದ್ದೆ. ತೂಕ ಎರಡು ಕೆಜಿ ಇಳಿದಿದೆ, ಆಫೀಸ್ ಗಡಿಬಿಡಿಯಲ್ಲಿ ತಿಂಡಿ ತಪ್ಪುತ್ತದೆ. ಬೆರಳು ಬಣ್ಣ ಬದಲಾಗಲ್ಲ. ಹೋದ ವರ್ಷ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಮಲ ಕಪ್ಪಾಯಿತು, ಇನ್ನೂ ಗಟ್ಟಿಯಾಯಿತು ಅಂತ ಹತ್ತೇ ದಿನಕ್ಕೆ ಬಿಟ್ಟೆ.

ಡಾಕ್ಟರ್: ಈಗ ಚಿತ್ರ ಬಿಡಿಸಿಕೊಂಡಿತು. ಕನ್ನಡಿ ಮುಂದೆ ನಿಂತು ಕೆಳರೆಪ್ಪೆ ಎಳೆದು ನೋಡಿ. ಒಳಗೆ ಕೆಂಪಗಿರಬೇಕಾದ್ದು ನಿಮ್ಮಲ್ಲಿ ಬಿಳಿಚಿಕೊಂಡಿರುತ್ತದೆ.

ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ಎಂಸಿವಿ 68 ಅಂದರೆ ಕೆಂಪು ರಕ್ತಕಣಗಳು ಸಣ್ಣಗಾಗಿವೆ. ಹುಟ್ಟಿನಿಂದ ಬರುವ ಥಲಸ್ಸೇಮಿಯಾ ಗುಣದಲ್ಲೂ ಹೀಗಾಗುತ್ತದೆ. ಆದರೆ ಫೆರಿಟಿನ್ 5 ಅಂದಮೇಲೆ ಕಬ್ಬಿಣದ ಉಗ್ರಾಣ ಖಾಲಿ ಅನ್ನುವುದರಲ್ಲಿ ಅನುಮಾನ ಇಲ್ಲ. ರಕ್ತ ಆಮ್ಲಜನಕವನ್ನು ಸಾಕಷ್ಟು ಹೊರದಿದ್ದಾಗ ದೇಹ ಇರುವ ರಕ್ತವನ್ನು ಒಳಗಿನ ಅಂಗಗಳಿಗೆ ಉಳಿಸಿಕೊಂಡು ಚರ್ಮಕ್ಕೆ ಕಡಿಮೆ ಕಳಿಸುತ್ತದೆ. ಮೈ ಬಿಸಿ ಹುಟ್ಟಿಸುವುದೂ ಕಮ್ಮಿಯಾಗುತ್ತದೆ. ನಿಮ್ಮ ಸ್ವೆಟರ್‌ಗೆ ಮೊದಲ ಕಾರಣ ಇದೇ ಅಂತ ನನ್ನ ಅಂದಾಜು.

ಥೈರಾಯ್ಡ್ ನಿರ್ದೋಷಿ ಅಂತಲ್ಲ. ಅದು ಹಾರ್ಮೋನ್ ತಯಾರಿಸಲು ಕಬ್ಬಿಣವೂ ಬೇಕು. ಅತ್ತ, ಥೈರಾಯ್ಡ್ ನಿಧಾನವಾದರೆ ಮುಟ್ಟು ಜಾಸ್ತಿಯಾಗಿ ಕಬ್ಬಿಣ ಸೋರುತ್ತದೆ. ಹೀಗೆ ಒಂದಕ್ಕೊಂದು ಗಂಟು ಬಿದ್ದಿರುತ್ತದೆ. ಆದರೆ ನಿಮ್ಮ ಟಿ4 ಸರಿಯಿದೆ, ಕಬ್ಬಿಣ ಪೂರ್ತಿ ಖಾಲಿ. ಆದ್ದರಿಂದ ಕಬ್ಬಿಣದಿಂದ ಶುರು. ರಕ್ತ ಕಮ್ಮಿ ಇರುವಾಗ ಹೃದಯ ಮೊದಲೇ ಜೋರಾಗಿ ಓಡುತ್ತಿರುತ್ತದೆ. ಅದರ ಮೇಲೆ ಬೇಡದ ಥೈರಾಯ್ಡ್ ಮಾತ್ರೆ ಬಿದ್ದರೆ ಎದೆ ಡವಡವ ಶುರುವಾಗುತ್ತದೆ.

ಮಾತ್ರೆ ಬಿಟ್ಟಿದ್ದಕ್ಕೆ ನಿಮ್ಮನ್ನು ಬೈಯುವುದಿಲ್ಲ. ಕೊಟ್ಟವರು ಮಲ ಕಪ್ಪಾಗುತ್ತದೆ ಅಂತ ಮೊದಲೇ ಹೇಳಬೇಕಿತ್ತು. ಅದು ಕಬ್ಬಿಣದ ಬಣ್ಣ, ಭಯ ಬೇಡ. ಈ ಸಲ ದಿನಾ ಬೇಡ, ದಿನ ಬಿಟ್ಟು ದಿನ ಒಂದು. 60 ಮಿಲಿಗ್ರಾಂ ಕಬ್ಬಿಣ ಇರುವಂಥದ್ದನ್ನು ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಒಂದು ಡೋಸ್ ತಗೊಂಡ ಮೇಲೆ ಕರುಳು ಒಂದು ದಿನದ ಮಟ್ಟಿಗೆ ಕಬ್ಬಿಣಕ್ಕೆ ಬಾಗಿಲು ಓರೆ ಮಾಡುತ್ತದೆ. ದಿನಾ ನುಂಗಿದರೆ ಉಳಿದದ್ದು ಕರುಳಲ್ಲೇ ಕೂತು ಕಾಟ ಕೊಡುತ್ತದೆ. ಊಟಕ್ಕೆ ಒಂದು ಗಂಟೆ ಮುಂಚೆ, ನಿಂಬೆಹಣ್ಣು ಹಿಂಡಿದ ನೀರಿನ ಜೊತೆ ತಗೊಳ್ಳಿ. ಆಮೇಲೆ ಎರಡು ಗಂಟೆ ಕಾಫಿ, ಟೀ, ಹಾಲು ಬೇಡ. ಮೂರು-ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು ಒಂದು ಏರಬೇಕು. ಸರಿಯಾಗಿ ತಗೊಂಡೂ ಏರದಿದ್ದರೆ ಕಬ್ಬಿಣ ಮೈಗೆ ಹತ್ತುತ್ತಿಲ್ಲವೋ, ಬೇರೆಲ್ಲೋ ರಕ್ತ ಹೋಗುತ್ತಿದೆಯೋ ಹುಡುಕಬೇಕು. 12 ಮುಟ್ಟಿದ ಮೇಲೂ ಮೂರು ತಿಂಗಳು ಮುಂದುವರಿಸಿ. ಇಲ್ಲದಿದ್ದರೆ ಉಗ್ರಾಣ ತುಂಬುವುದಿಲ್ಲ, ಮುಂದಿನ ವರ್ಷ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ.

ಸೋರುವ ನಲ್ಲಿ ನಿಲ್ಲಿಸದೆ ತೊಟ್ಟಿ ತುಂಬಿಸಿದರೆ ಪ್ರಯೋಜನ ಇಲ್ಲ. ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಗರ್ಭಕೋಶದಲ್ಲಿ ಗಡ್ಡೆ ಇದೆಯಾ ನೋಡಬೇಕು.

ಟಿಪಿಒ ಪಾಸಿಟಿವ್ ಅಂದರೆ ನಿಮ್ಮದೇ ರೋಗನಿರೋಧಕ ಶಕ್ತಿ ಗ್ರಂಥಿಯನ್ನು ನಿಧಾನವಾಗಿ ಕೆಣಕುತ್ತಿದೆ. ಹೀಗೆ ಟಿಎಸ್‌ಎಚ್, ಟಿಪಿಒ ಎರಡೂ ಏರಿರುವ ಹೆಂಗಸರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ನಾಲ್ಕು ಜನರಿಗೆ ಗ್ರಂಥಿ ಪೂರ್ತಿ ಸೋಲುತ್ತದೆ. ಆದ್ದರಿಂದ ಮೂರು ತಿಂಗಳಿಗೆ ಮತ್ತೆ ನೋಡೋಣ. ಟಿಎಸ್‌ಎಚ್ 10 ದಾಟಿದರೆ ಅಥವಾ ಟಿ4 ಇಳಿದರೆ ಮಾತ್ರೆ ಬೇಕೇ ಬೇಕು.

ಕೇಳಿದವರು: ಎರಡನೇ ಮಗುವಿನ ಯೋಚನೆ ಇದೆ ಡಾಕ್ಟರ್. ಇನ್ನೂ ನಿರ್ಧಾರ ಆಗಿಲ್ಲ.

ಡಾಕ್ಟರ್: ಹಾಗಿದ್ದರೆ ಮೂರು ತಿಂಗಳು ಕಾಯುವ ಮಾತು ಬದಲಾಗುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಬೇಕಾದ ಹಾರ್ಮೋನ್ ಪೂರ್ತಿ ತಾಯಿಯಿಂದಲೇ ಹೋಗಬೇಕು. ನಿಮ್ಮ ಸಂಖ್ಯೆಗಳಿಗೆ ಸಣ್ಣ ಡೋಸ್ ಮೊದಲೇ ಶುರು ಮಾಡುವವರೂ ಇದ್ದಾರೆ. ಅದನ್ನು ಇಲ್ಲಿ ಬರೆದು ತೀರ್ಮಾನಿಸಲು ನಾನು ಒಪ್ಪುವುದಿಲ್ಲ. ರಿಪೋರ್ಟ್ ಹಿಡಿದು ಎಂಡೋಕ್ರೈನ್ ಡಾಕ್ಟರನ್ನು ಎದುರಿಗೆ ಕೂತು ಕೇಳಿ. ನಿರ್ಧಾರ ಆಗುವ ಮುಂಚೆಯೇ ಹೋಗಿ.

ಕೇಳಿದವರು (ಐದು ವಾರದ ನಂತರ): ಹಿಮೋಗ್ಲೋಬಿನ್ 10.4. ರಾತ್ರಿ ಸಾಕ್ಸ್ ಹಾಕದೆ ಮಲಗುತ್ತಿದ್ದೇನೆ. ಸ್ಕ್ಯಾನ್‌ನಲ್ಲಿ ಒಂದು ಸಣ್ಣ ಗಡ್ಡೆ ಇದೆ, ಮುಟ್ಟು ಕಡಿಮೆ ಮಾಡಲು ಮಾತ್ರೆ ಕೊಟ್ಟಿದ್ದಾರೆ. ತಿಂಡಿ ತಪ್ಪಿಸುತ್ತಿಲ್ಲ. ಹೊಟ್ಟೆ ಎರಡು ದಿನಕ್ಕೊಮ್ಮೆ ಆಗುತ್ತಿದೆ. ಕಾಲಿನ ಚರ್ಮ ಮಾತ್ರ ಹಾಗೇ ಇದೆ.

ಡಾಕ್ಟರ್: ಓದಿ ತುಂಬಾ ಸಂತೋಷ ಆಯಿತು. ಸ್ನಾನದ ನೀರು ಉಗುರುಬೆಚ್ಚಗಿರಲಿ, ಕಾಲಿಗೆ ದಿನಾ ಸೋಪು ಬೇಡ. ಮೈ ಒರೆಸಿ ಇನ್ನೂ ತೇವ ಇರುವಾಗಲೇ ಕೊಬ್ಬರಿ ಎಣ್ಣೆ ಹಚ್ಚಿ. ಅದಕ್ಕೂ ಬಗ್ಗದಿದ್ದರೆ ಥೈರಾಯ್ಡ್ ಕಡೆ ಮತ್ತೆ ತಿರುಗಿ ನೋಡಬೇಕಾಗುತ್ತದೆ. ಮುಂದಿನ ಟಿಎಸ್‌ಎಚ್‌ಗೆ ಅದೇ ಲ್ಯಾಬ್‌ಗೆ, ಬೆಳಿಗ್ಗೆ ಅದೇ ಹೊತ್ತಿಗೆ ಹೋಗಿ. ಬಂದ ಸಂಖ್ಯೆಯನ್ನು ಇಲ್ಲೇ ಕೆಳಗೆ ಹಾಕಿ.