ಏಕಾದಶಿ ಫಲಾಹಾರ: ಸಬ್ಬಕ್ಕಿ ತಿಂದರೂ ನಾಲ್ಕು ಗಂಟೆಗೆ ಹಸಿವು

ವಿಜಯನಗರದಿಂದ ಪ್ರಶ್ನೆ: ತೂಕ ಇಳಿಸ್ತಿದ್ದೀನಿ, ಆದರೆ ಈಗ ಇಳಿಯೋದು ನಿಂತುಬಿಟ್ಟಿದೆ. ಏಕಾದಶಿಗೆ ಅನ್ನ, ಬೇಳೆ ಮುಟ್ಟಲ್ಲ. ಬೆಳಿಗ್ಗೆ ಸಬ್ಬಕ್ಕಿ ಖಿಚಡಿ ತಿಂದರೂ ನಾಲ್ಕು ಗಂಟೆಗೆ ಹಸಿವು, ಆಮೇಲೆ ಆಲೂ ಚಿಪ್ಸು, ಬರ್ಫಿ. ಹೊಟ್ಟೆ ತುಂಬೋ ಹಾಗೆ ಏನು ತಿನ್ನಲಿ?

ಬಸವನಗುಡಿ: ನನ್ನ ಕಥೆಯೂ ಇದೇ ಆಗಿತ್ತು. ಒಂದು ಏಕಾದಶಿ ನನ್ನ ತಟ್ಟೆಗೆ ಹೋಗೋದನ್ನೆಲ್ಲ ತೂಗಿ ನೋಡಿದೆ. ಒಣ ಸಬ್ಬಕ್ಕಿ 80 ಗ್ರಾಂ, ಕಡಲೆಕಾಯಿ ಬೀಜ 30 ಗ್ರಾಂ, ಒಂದು ಆಲೂಗಡ್ಡೆ, ಎರಡು ದೊಡ್ಡ ಚಮಚ ಎಣ್ಣೆ. ಒಟ್ಟು ಸುಮಾರು 750 ಕ್ಯಾಲೊರಿ, ಪ್ರೋಟೀನ್ ಮಾತ್ರ 10 ಗ್ರಾಂ ಒಳಗೆ, ಅದೂ ಬಹುಪಾಲು ಕಡಲೆಕಾಯಿಯದು. ಸಬ್ಬಕ್ಕಿ ಬರೀ ಪಿಷ್ಟ, ಬೇಗ ಜೀರ್ಣವಾಗಿಬಿಡುತ್ತೆ.

ಈಗ ಸಬ್ಬಕ್ಕಿ 30 ಗ್ರಾಂ, ಬೀಜ 20 ಗ್ರಾಂ, ತುರಿದ ಸೋರೆಕಾಯಿ ಒಂದು ಬಟ್ಟಲು, ಜೊತೆಗೆ ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು. 400 ಕ್ಯಾಲೊರಿ ಆಸುಪಾಸು, ಪ್ರೋಟೀನ್ ಮೊದಲಿಗಿಂತ ಕಡಿಮೆ ಇಲ್ಲ. ನಾಲ್ಕು ಗಂಟೆಗೆ ಒಂದು ಮಧ್ಯಮ ಗೆಣಸು ಬೇಯಿಸಿ, ಒಂದು ಲೋಟ ಹಾಲು.

ಎಣ್ಣೆ ಜಾಸ್ತಿ ಸುರಿಯೋದು ಸಬ್ಬಕ್ಕಿ ಅಂಟುತ್ತೆ ಅಂತ ತಾನೇ? ನೀರು ತಿಳಿಯಾಗೋವರೆಗೂ ತೊಳೀರಿ, ಮುಳುಗುವಷ್ಟೇ ನೀರಲ್ಲಿ ನೆನೆಸಿ. ಬೆರಳಲ್ಲಿ ಒತ್ತಿದರೆ ನುಣ್ಣಗೆ ಪುಡಿಯಾಗಬೇಕು, ನಡುವೆ ಗಟ್ಟಿ ಉಳಿಯಬಾರದು. ನೀರು ಬಸಿದು, ಹುರಿದ ಬೀಜದ ತರಿಪುಡಿ ಬೆರೆಸಿಟ್ಟರೆ ಕಾಳು ಬಿಡಿಬಿಡಿಯಾಗಿ ನಿಲ್ಲುತ್ತೆ. ಸೋರೆಕಾಯಿ ಬೇರೆ ಬಾಡಿಸಿ ಕೊನೆಗೆ ಹಾಕಿ. ಒಗ್ಗರಣೆಗೆ ಒಂದು ಟೀ ಚಮಚ ಎಣ್ಣೆ ಸಾಕು.

ರಾಜಾಜಿನಗರ: ಸಬ್ಬಕ್ಕಿ ಧಾನ್ಯ ಅಲ್ಲ, ಮರಗೆಣಸಿನದು, ಅದರಿಂದ ದಪ್ಪ ಆಗಲ್ಲ. ನಾನಂತೂ ಪೂರ್ತಿ ನಿರಾಹಾರ ಇರ್ತೀನಿ. ದ್ವಾದಶಿ ಬೆಳಿಗ್ಗೆ ತೂಕ ಒಂದು ಕೆಜಿ ಇಳಿದಿರುತ್ತೆ, ಕೊಬ್ಬು ಕರಗಿದ ಲೆಕ್ಕ.

ಬಸವನಗುಡಿ: ಮರಗೆಣಸು ನಿಜ ಸರ್, ವ್ರತಕ್ಕೆ ಒಪ್ಪೋದೂ ಅದಕ್ಕೇ. ಆದರೆ ಒಣಗಿದ್ದು 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ, ಅಕ್ಕಿಯಷ್ಟೇ. ಆ ಒಂದು ಕೆಜಿಯಲ್ಲಿ ಬಹುಪಾಲು ನೀರು. ಮೂರು ದಿನ ಬಿಟ್ಟು ಮತ್ತೆ ತೂಗಿ ನೋಡಿ.

ಯಲಹಂಕ: ನಮ್ಮಮ್ಮಂಗೆ ಶುಗರ್ ಇದೆ. ಹೋದ ಏಕಾದಶಿ ಮಾತ್ರೆ ತಗೊಂಡು ಊಟ ಬಿಟ್ಟು ಕೈ ನಡುಕ, ಬೆವರು. ಅವರಿಗೂ ಇದೇ ಖಿಚಡಿ ಆಗುತ್ತಾ?

ಬಸವನಗುಡಿ: ಅಮ್ಮನ ವಿಷಯ ಬೇರೆ, ಅಕ್ಕ. ಅದು ಶುಗರ್ ಇಳಿದಿರೋ ಲಕ್ಷಣ. ಕೆಲವು ಮಾತ್ರೆ ತಗೊಂಡು ಊಟ ಬಿಟ್ಟರೆ ಹಾಗಾಗುತ್ತೆ. ಮುಂದಿನ ಉಪವಾಸಕ್ಕೆ ಮುಂಚೆ ಅವರ ಡಾಕ್ಟರಿಗೆ ಹೇಳಿ. ಮತ್ತೆ ನಡುಕ ಬಂದರೆ ತಕ್ಷಣ ಸಕ್ಕರೆ ನೀರು ಕೊಡಿ, ವ್ರತ ಆಮೇಲೆ.

ಮಲ್ಲೇಶ್ವರ: ತಿಂಗಳಿಗೆ ಎರಡು ದಿನದ ಖಿಚಡಿಯಿಂದ ತೂಕ ನಿಂತಿದೆ ಅನ್ನೋದು ನಂಗೆ ಅನುಮಾನ. ನಮ್ಮನೇಲಿ ಹೊಡೆತ ಬೀಳ್ತಿದ್ದದ್ದು ದ್ವಾದಶಿ ಪಾರಣೆಗೆ. ಬೆಳಿಗ್ಗೆಯೇ ಪಾಯಸ, ಕೋಸಂಬರಿ, ಎರಡು ಸಲ ಅನ್ನ. ಅದನ್ನೂ ಬರೆದಿಟ್ಟು ನೋಡಿ.

ವಿಜಯನಗರ: ಪಾರಣೆ ಲೆಕ್ಕ ನಾನು ಹಾಕೇ ಇರಲಿಲ್ಲ. ಚಾತುರ್ಮಾಸ್ಯದಲ್ಲಿ ದಧಿವ್ರತ ಬಂದಾಗ ಮೊಸರು ಬಿಡ್ತೀವಲ್ಲ, ಆ ತಿಂಗಳು ಪನೀರ್ ನಡೆಯುತ್ತಾ? ಅತ್ತೆ ಬೇಡ ಅಂತಾರೆ, ನಮ್ಮಮ್ಮ ಆಗುತ್ತೆ ಅಂತಾರೆ.